ದಾಲ್ ಮಿಲ್ಲಿನ ಬ್ರಾಕೆಟ್: ಮಲಗಿಸಿ ಪ್ರಿಂಟ್ ಮಾಡಿದ ಮ್ಯಾಲೆ ನಿಂತಿತು

ಕಲಬುರಗಿಯ ಒಂದು ದಾಲ್ ಮಿಲ್ಲಿನಾಗ ಹಾಪರ್ ಗೇಟ್ ಎಳೆಯುವ ಹಿಡಿಕೆಯ ಎಲ್ ಆಕಾರದ ಎರಕದ ಬ್ರಾಕೆಟ್ ಮುರಿದಿತ್ತು. ಒಂದೇ ಪೀಸ್ ಎರಕ ಹೊಯ್ಯಲು ಯಾರೂ ಒಪ್ಪಲಿಲ್ಲ. ನಾನು 3ಡಿ ಪ್ರಿಂಟರಿನಾಗ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡ್ತೀನಿ ಅಂದಾಗ ಅಲ್ಲಿನ ಫಿಟ್ಟರ್ ಕಾಕಾ, "ಪ್ಲಾಸ್ಟಿಕ್ ಎಲ್ಲಿ ತಾಳ್ತದ ಬಿಡ್ರಿ" ಅಂದರು. ತೊಗರಿ ಸೀಜನ್ ಪೂರ್ತಿ ತಾಳಿತು.

ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಹಾಕಲಿಲ್ಲ. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗ್ತದ. ನಮ್ಮ ಮೇ ತಿಂಗಳ ಬಿಸಿಲಿಗೆ ತಗಡಿನ ಮ್ಯಾಲಿಟ್ಟ ಒಂದು ತುಂಡು ಸಂಜೆಯೊಳಗ ಬಾಗಿತ್ತು. ಹಾಗಾಗಿ ಅದಕ್ಕಿಂತ ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್.

ಮೊದಲ ಪೀಸನ್ನು ಒಂದು ತೋಳು ಪ್ರಿಂಟರಿನ ಬೆಡ್ ಮ್ಯಾಲೆ, ಇನ್ನೊಂದು ಮ್ಯಾಲಕ್ಕೆ ನಿಲ್ಲುವಂಗ ಪ್ರಿಂಟ್ ಮಾಡಿದೆ. ಮೂಲೆಯಲ್ಲೇ ಕಟ್ ಆಯಿತು, ಮುರಿದ ಜಾಗ ಚಪ್ಪಟೆ, ನುಣ್ಣಗ. ಅಂದ್ರ ಪ್ಲಾಸ್ಟಿಕ್ ಹರಿದಿಲ್ಲ, ಲೇಯರ್‌ಗಳು ಬಿಟ್ಟುಕೊಂಡಾವ. ಪ್ಲಾಸ್ಟಿಕ್ಕೇ ಸೋತಿದ್ರ ಆ ಜಾಗ ಬೆಳ್ಳಗಾಗಿ ಒರಟಾಗಿರ್ತದ. ಒಳಗಿನ ಜಾಳಿಯಂಥ ತುಂಬು, ಅಂದ್ರ ಇನ್‌ಫಿಲ್, ನೂರಕ್ಕೆ ನೂರು ಏರಿಸಿ ಅದೇ ನಿಲುವಿನಲ್ಲಿ ಮತ್ತೆ ತೆಗೆದೆ. ಫಿಲಮೆಂಟ್ ಹೆಚ್ಚು ಹೋಯಿತು, ಮುರಿದದ್ದು ಅಲ್ಲೇ.

ಆಮ್ಯಾಲೆ ಎಲ್ ಅಕ್ಷರವೇ ಬೆಡ್ ಮ್ಯಾಲೆ ಕಾಣುವಂಗ ಪಕ್ಕಕ್ಕೆ ಮಲಗಿಸಿದೆ. ಈಗ ಪ್ರತಿ ಲೇಯರಿನ ಗೆರೆ ಒಂದು ತೋಳಿನಿಂದ ಮೂಲೆ ಸುತ್ತಿ ಇನ್ನೊಂದಕ್ಕೆ ಹೋಗ್ತದ. ಒಳಮೂಲೆಗೆ 8 ಮಿ.ಮೀ. ಗುಂಡು ಕೊಟ್ಟೆ, ಅದಕ್ಕೂ ಕೆಳಗಿನಿಂದ ಆಧಾರ ಕೊಡುವ ಸಪೋರ್ಟ್ ಬೇಕಾಗಲಿಲ್ಲ.

ಮೂಲೆ ಗಟ್ಟಿಯಾಯಿತು, ಆದರ ಬೋಲ್ಟ್ ಸಡಿಲಾಗತೊಡಗಿತು. ತೋಳಿನ ದಪ್ಪ 8 ಮಿ.ಮೀ., ಹೊರಗೋಡೆಗೆ ನಾಲ್ಕು ಗೆರೆ, ಅಂದ್ರ ನಾಲ್ಕು ವಾಲ್, ಒಂದು ಗೆರೆಯ ಅಗಲ 0.45. ಎರಡೂ ಕಡೆ ಸೇರಿ 3.6, ನಡುವೆ 4.4 ಮಿ.ಮೀ. ಇನ್‌ಫಿಲ್. ಬಿಗಿ ಮಾಡಿದಷ್ಟೂ ವಾಷರ್ ಒಳಗಿಳೀತಿತ್ತು. ದಪ್ಪವನ್ನು 8.1 ಮಾಡಿ ವಾಲ್ ಒಂಬತ್ತಕ್ಕೆ ಏರಿಸಿದೆ: ಹದಿನೆಂಟು ಗೆರೆ, ನಡುವೆ ಜಾಗವೇ ಇಲ್ಲ. ಇದು ಕ್ಯೂರಾದ ಲೆಕ್ಕ, ಅದು ಮಾಡೆಲ್ಲನ್ನು ಲೇಯರ್‌ಗಳಾಗಿ ಕತ್ತರಿಸುವ ಸ್ಲೈಸರ್ ಸಾಫ್ಟ್‌ವೇರ್. ಗೆರೆಗಳನ್ನು ಒಂದರ ಮ್ಯಾಲೊಂದು ಸ್ವಲ್ಪ ಹತ್ತಿಸುವ ಸ್ಲೈಸರ್‌ಗಳಲ್ಲಿ ದಪ್ಪ ಬೇರೆ ಬರ್ತದ. ಪ್ರಿವ್ಯೂದಾಗ ತೋಳಿನೊಳಗ ಇನ್‌ಫಿಲ್ ಬಣ್ಣ ಕಾಣಬಾರದು, ಅಷ್ಟೇ ನೋಡ್ರಿ.

ಮಲಗಿಸಿದಾಗ ಬೋಲ್ಟ್ ತೂತುಗಳು ಅಡ್ಡ ಬಂದವು. ಒಳಗ ಹಾಕಿದ ಸಪೋರ್ಟ್ ಪಿಇಟಿಜಿಗೆ ಬೆಸುಗೆಯಂಗ ಹತ್ತಿತು, ಡ್ರಿಲ್ಲಿನಿಂದ ತೆಗೆಯುವಾಗ ಗೋಡೆಯೂ ಕಿತ್ತು ಬಂತು. ತೂತಿನ ಮ್ಯಾಲ್ಭಾಗವನ್ನು 45 ಡಿಗ್ರಿಯ ಚೂಪು ಮಾಡಿ, ಹನಿಯ ಆಕಾರ ಕೊಟ್ಟೆ. ಚೂಪು ಮ್ಯಾಲಕ್ಕೇ ಇರಬೇಕು. ಹೊರಚಾಚಿದ ಲಾಕ್ ಕಿವಿಯ ಕೆಳಗೂ ಅದೇ 45ರ ಇಳಿಜಾರು. ಇಡೀ ಪೀಸಿಗೆ ಸಪೋರ್ಟ್ ಸೊನ್ನೆ.

ಸುಮಾರು 80 ಗ್ರಾಂ, ಫಿಲಮೆಂಟ್ ಖರ್ಚು ಎಂಬತ್ತು-ತೊಂಬತ್ತು ರೂಪಾಯಿ. ನಾನು ತಗೊಂಡದ್ದು 400. ನಳಿಕೆ ಮತ್ತು ಫ್ಯಾನಿನ ಸೆಟ್ಟಿಂಗ್ ನನ್ನ ಹತ್ತಿರವೇ ಇರಲಿ, ಅದನ್ನು ಹುಡುಕಲು ಒಂದು ರೋಲ್ ಪೂರ್ತಿ ಸುಟ್ಟಿದ್ದೀನಿ. ಆದರ ತೂತಿನೊಳಗ ಕಬ್ಬಿಣದ ಬುಷ್ ಮಾತ್ರ ಹಾಕ್ರಿ. ಪಿಇಟಿಜಿ ಸತತ ಒತ್ತಡಕ್ಕೆ ನಿಧಾನವಾಗಿ ಕುಗ್ಗತದ. ಬುಷ್ ಇದ್ದರ ಬಿಗಿತವನ್ನೆಲ್ಲ ಅದೇ ಹೊರ್ತದ. ಡ್ರೈಯರ್ ಹತ್ತಿರದ ಬ್ರಾಕೆಟ್ ಕೇಳಿದಾಗ ಆಗಲ್ಲ ಅಂದೆ, ಅಲ್ಲಿನ ಬಿಸಿಗೆ ಇದೂ ತಾಳಲ್ಲ.