ಒಂದು ಪೊಟ್ಟಣ, ಒಂದು ಲೀಟರ್

"ಮೇಡಂ, ಓಆರ್‌ಎಸ್ ಪುಡಿ ಕೊಟ್ಟರೂ ಭೇದಿ ನಿಲ್ಲಲಿಲ್ಲ. ಗ್ಲೂಕೋಸ್ ಬಾಟ್ಲಿ ಹಾಕಿಬಿಡಿ" ಅಂದರು ಅಜ್ಜಿ. ಮಡಿಲಲ್ಲಿ ಒಂದು ವರ್ಷದ ಮೊಮ್ಮಗ. ಕಣ್ಣು ಒಳಗೆ ಹೋಗಿದೆ, ಒಂದೇ ಸಮನೆ ಕಿರಿಕಿರಿ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುತ್ತಿತ್ತು. ಆದರೆ ಚಮಚ ಕಂಡರೆ ಸಾಕು, ಬಾಯಿ ಚಾಚುತ್ತಿತ್ತು. ಕುಡಿಯುವ ಮಗುವಿಗೆ ಸೂಜಿ ಯಾಕೆ?

"ಪುಡಿ ಎಷ್ಟು ನೀರಿಗೆ ಹಾಕಿದ್ರಿ?"

"ಒಂದು ಲೋಟಕ್ಕೆ. ಗಟ್ಟಿಯಾಗಿದ್ರೆ ಶಕ್ತಿ ಜಾಸ್ತಿ ಅಲ್ವಾ?"

ಅದು ಒಂದು ಲೀಟರಿನ ಪೊಟ್ಟಣ. ಪುಣ್ಯಕ್ಕೆ ಮಗು ನಾಲ್ಕೈದು ಚಮಚಕ್ಕೇ ಮುಖ ತಿರುಗಿಸಿತ್ತಂತೆ.

ಅಜ್ಜಿಗೆ ನಾನು ಹೇಳಿದ್ದು ಇದು. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಉಪ್ಪಿನಲ್ಲಿರುವ ಸೋಡಿಯಂ, ಗ್ಲೂಕೋಸ್ ಎರಡೂ ಜೊತೆಗೆ ಬಂದರೆ ಮಾತ್ರ ಅದು ತೆರೆಯುತ್ತದೆ. ಎರಡು ಸೋಡಿಯಂಗೆ ಒಂದು ಗ್ಲೂಕೋಸ್, ಅದೇ ಲೆಕ್ಕ. ಒಳಗೆ ಹೋದ ಸೋಡಿಯಂ ಅನ್ನು ಜೀವಕೋಶ ಆಚೆ ಬದಿಯಿಂದ ರಕ್ತದ ಕಡೆಗೆ ತಳ್ಳುತ್ತದೆ. ನೀರು ಅದರ ಹಿಂದೆಯೇ ಹೋಗುತ್ತದೆ. ಕಾಲರಾದಂಥ ರೋಗದಲ್ಲಿ ವಿಷ ಕರುಳಿನಿಂದ ಉಪ್ಪುನೀರನ್ನು ಹೊರಗೆ ಸುರಿಸುತ್ತಿದ್ದರೂ ಈ ಬಾಗಿಲು ಕೆಲಸ ನಿಲ್ಲಿಸುವುದಿಲ್ಲ. ಓಆರ್‌ಎಸ್ ಬದುಕಿರುವುದೇ ಇದರ ಮೇಲೆ. ಅದು ಭೇದಿ ನಿಲ್ಲಿಸುವ ಔಷಧಿಯಲ್ಲ. ಹೋದ ನೀರನ್ನು ವಾಪಸ್ ತರುತ್ತದೆ, ಅಷ್ಟೇ.

ಲೋಟದಲ್ಲಿ ಕಲಸಿದರೆ ಏನಾಗುತ್ತದೆ? ಈಗಿನ ಪೊಟ್ಟಣವನ್ನು ಒಂದು ಲೀಟರಿಗೆ ಕಲಸಿದರೆ ಅದರಲ್ಲಿ ಕರಗಿದ ಕಣಗಳ ಸಾಂದ್ರತೆ ಲೀಟರಿಗೆ 245 ಮಿಲಿಆಸ್ಮೋಲ್, ರಕ್ತದ್ದು ಸುಮಾರು 290. ಅಂದರೆ ದ್ರಾವಣ ರಕ್ತಕ್ಕಿಂತ ತೆಳು, ನೀರು ಒಳಗೆ ಹೋಗುವುದು ಸುಲಭ. 200 ಮಿ.ಲೀ. ಲೋಟದಲ್ಲಿ ಅದೇ ಪುಡಿ ಐದು ಪಟ್ಟು, 1225. ಆಗ ಲೆಕ್ಕ ತಿರುಗುಮುರುಗು: ರಕ್ತದ ನೀರೇ ಕರುಳಿಗೆ ಬರುತ್ತದೆ. ಭೇದಿ ಜಾಸ್ತಿ, ರಕ್ತದಲ್ಲಿ ಸೋಡಿಯಂ ಏರಿದರೆ ಫಿಟ್ಸ್ ಕೂಡ ಬರಬಹುದು. ಅಂಗಡಿಯ ಸಿಹಿ ಪಾನೀಯದ ತೊಂದರೆಯೂ ಹೀಗೇ. ಸಕ್ಕರೆ ವಿಪರೀತ, ಉಪ್ಪು ಹೆಸರಿಗಷ್ಟೇ.

ಮಗುವಿನ ತೂಕ 10 ಕೆ.ಜಿ. ಕೆ.ಜಿ.ಗೆ 75 ಮಿ.ಲೀ.ನಂತೆ ನಾಲ್ಕು ಗಂಟೆಯಲ್ಲಿ 750 ಮಿ.ಲೀ. ಹೋಗಬೇಕು. ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಪೂರ್ತಿ ಪೊಟ್ಟಣ ಕಲಸಿದೆವು. ಐದು ಮಿ.ಲೀ. ಚಮಚದಲ್ಲಿ ಒಂದೂವರೆ ನಿಮಿಷಕ್ಕೊಮ್ಮೆ. ಬಾಯಾರಿಕೆ ನೋಡಿ ಅಜ್ಜಿ ಲೋಟ ಎತ್ತಿ ಕುಡಿಸಿಬಿಟ್ಟರು, ಅಷ್ಟೂ ವಾಂತಿ. ಹತ್ತು ನಿಮಿಷ ಸುಮ್ನಿದ್ದು, ಮತ್ತೆ ಚಮಚಕ್ಕೇ ಬಂದೆವು, ಈ ಸಲ ಇನ್ನೂ ನಿಧಾನವಾಗಿ. ನಡುನಡುವೆ ಎದೆಹಾಲು. ಮಗು ಮಂಕಾಗಿ ಕುಡಿಯುವುದೇ ಬಿಟ್ಟಿದ್ದರೆ ನಾನೂ ಬಾಟ್ಲಿಯನ್ನೇ ಹುಡುಕುತ್ತಿದ್ದೆ.

ನಾಲ್ಕು ಗಂಟೆ ಕಳೆಯುವಾಗ ಚಿವುಟಿದ ಚರ್ಮ ತಟ್ಟನೆ ಹಿಂದಕ್ಕೆ ಹೋಯಿತು. ಆಮೇಲೆ ಮಗು ಉಚ್ಚೆ ಹೊಯ್ದು ಅಜ್ಜಿಯ ಸೀರೆ ಒದ್ದೆಯಾಯಿತು. ಭೇದಿ ಇನ್ನೂ ಆಗುತ್ತಲೇ ಇತ್ತು.

ಎರಡು ಪೊಟ್ಟಣ, 14 ದಿನಕ್ಕೆ ಜಿಂಕ್ ಮಾತ್ರೆ ಕೊಟ್ಟೆ. ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ ಕುಡಿಸಿ, ಕಲಸಿದ್ದನ್ನು ಒಂದು ದಿನಕ್ಕಿಂತ ಜಾಸ್ತಿ ಇಡಬೇಡಿ ಅಂದೆ. ಅಜ್ಜಿ ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. "ಮನೇಲಿ ಅಳತೆಗೆ ಇದೇ ಇರ್ಲಿ."