ಸಾಲವೋ, ಹೊಸ ಷೇರೋ? ಇಪಿಎಸ್ ಲೆಕ್ಕ ಹಾಕಿ ನೋಡುವುದು ಹೇಗೆ

ಕಾರ್ಖಾನೆ ದೊಡ್ಡದು ಮಾಡಬೇಕು, 3 ಕೋಟಿ ರೂಪಾಯಿ ಬೇಕು. ಬ್ಯಾಂಕ್ ಸಾಲ ಕೊಡಲು ರೆಡಿ ಇದೆ. ಇನ್ನೊಂದು ಕಡೆ ಹೂಡಿಕೆದಾರರೊಬ್ಬರು ಷೇರು ಕೊಟ್ಟರೆ ಅಷ್ಟೂ ದುಡ್ಡು ಹಾಕುತ್ತೇನೆ ಅನ್ನುತ್ತಿದ್ದಾರೆ. ಬಡ್ಡಿ ಕಟ್ಟುವುದು ತಪ್ಪುತ್ತದಲ್ಲ ಎಂದು ಕೆಲವರು ಷೇರಿನ ಕಡೆ ವಾಲುತ್ತಾರೆ. ಲಾಭದಲ್ಲಿ ಪಾಲು ಯಾಕೆ ಕೊಡಬೇಕು ಎಂದು ಕೆಲವರು ಸಾಲದ ಕಡೆ. ಎರಡೂ ಅರ್ಧ ಸರಿ. ಯಾವುದು ಯಾವಾಗ ಸರಿ ಎನ್ನುವುದು ಲಾಭ ಎಷ್ಟು ಬರುತ್ತದೆ ಎನ್ನುವುದರ ಮೇಲಿದೆ. ಆ ಗೆರೆ ಎಲ್ಲಿದೆ ಎಂದು ಹುಡುಕುವುದೇ ಇಂಡಿಫರೆನ್ಸ್ ಪಾಯಿಂಟ್ ಲೆಕ್ಕ.

ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳೋಣ. ಇರುವ ಷೇರು 10 ಲಕ್ಷ, ಎಲ್ಲವೂ ಒಂದೇ ಮನೆಯವರ ಕೈಯಲ್ಲಿ. ಓವರ್‌ಡ್ರಾಫ್ಟ್‌ಗೆ ವರ್ಷಕ್ಕೆ 20 ಲಕ್ಷ ಬಡ್ಡಿ ಈಗಾಗಲೇ ಹೋಗುತ್ತಿದೆ. ಬಡ್ಡಿ, ತೆರಿಗೆ ಕಳೆಯುವ ಮುಂಚಿನ ಲಾಭ 110 ಲಕ್ಷ. ಹೊಸ ಯಂತ್ರ ಪೂರ್ತಿ ಓಡಿದರೆ ಅದು 160 ಲಕ್ಷ ಆಗಬಹುದು ಎಂಬ ಅಂದಾಜು. ತೆರಿಗೆ 25% ಎಂದಿಟ್ಟುಕೊಳ್ಳಿ.

ಮೊದಲು ಎರಡು ದಾರಿಯನ್ನೂ ಬರೆದುಕೊಳ್ಳಿ

ಸಾಲದ ದಾರಿಯಲ್ಲಿ 3 ಕೋಟಿಗೆ 11% ಬಡ್ಡಿ, ಅಂದರೆ ವರ್ಷಕ್ಕೆ 33 ಲಕ್ಷ. ಹಳೆಯ 20 ಸೇರಿ ಒಟ್ಟು ಬಡ್ಡಿ 53 ಲಕ್ಷ. ಷೇರು ಅದೇ 10 ಲಕ್ಷ.

ಷೇರಿನ ದಾರಿಯಲ್ಲಿ ಒಂದು ಷೇರಿಗೆ 60 ರೂಪಾಯಿ ಸಿಗುತ್ತದೆ ಎಂದಾದರೆ 5 ಲಕ್ಷ ಹೊಸ ಷೇರು ಕೊಡಬೇಕು. ಒಟ್ಟು 15 ಲಕ್ಷ. ಬಡ್ಡಿ ಹಳೆಯ 20 ಲಕ್ಷ ಮಾತ್ರ.

ಹಳೆಯ ಬಡ್ಡಿಯನ್ನು ಎರಡೂ ಕಡೆ ಕಳೆಯಬೇಕು. ಸಾಲದ ಕಡೆ ಮಾತ್ರ ಹಾಕಿ ಷೇರಿನ ಕಡೆ ಬಿಟ್ಟುಬಿಟ್ಟರೆ ಉತ್ತರ ಪೂರ್ತಿ ತಪ್ಪುತ್ತದೆ. ಹಾಗೆಯೇ ಷೇರಿನ ಕಡೆ ಭಾಗಿಸುವುದು ಹೊಸ 5 ಲಕ್ಷದಿಂದಲ್ಲ, ಒಟ್ಟು 15 ಲಕ್ಷದಿಂದ.

ಸಮ ಆಗುವ ಜಾಗ ಹುಡುಕಿ

ಬಡ್ಡಿಗೆ ಮುಂಚಿನ ಲಾಭ X ಲಕ್ಷ ಎಂದುಕೊಂಡು, ಎರಡೂ ದಾರಿಯಲ್ಲಿ ತೆರಿಗೆ ಕಳೆದು ಒಂದು ಷೇರಿಗೆ ಬರುವ ಗಳಿಕೆ, ಅಂದರೆ ಇಪಿಎಸ್, ಸಮ ಮಾಡಿ:

```
(X − 53) × 0.75 ÷ 10 = (X − 20) × 0.75 ÷ 15
```

ತೆರಿಗೆಯ 0.75 ಎರಡೂ ಕಡೆ ಇದೆ, ಹೊಡೆದುಹಾಕಿ. ನಿಗದಿತ ಲಾಭಾಂಶವನ್ನು ಮೊದಲೇ ಪಡೆಯುವ ಪ್ರಿಫರೆನ್ಸ್ ಷೇರು ಇಲ್ಲದಿದ್ದರೆ ತೆರಿಗೆ ದರ ಈ ಬಿಂದುವನ್ನು ಅಲುಗಾಡಿಸುವುದಿಲ್ಲ. ಉಳಿದದ್ದು ಹೈಸ್ಕೂಲ್ ಗಣಿತ: 15X − 795 = 10X − 200. X = 119 ಲಕ್ಷ. ಆ ಜಾಗದಲ್ಲಿ ಇಪಿಎಸ್ ಎರಡೂ ಕಡೆ 4 ರೂಪಾಯಿ 95 ಪೈಸೆ.

ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇರುತ್ತದೆ. ಆದರೆ ಈ 119 ಎಲ್ಲಿಂದ ಬಂತು ಎಂದು ನೋಡಿದರೆ ವಿಷಯ ಇನ್ನೂ ಸುಲಭ. ಒಂದು ಹೊಸ ಷೇರು ಕೊಟ್ಟರೆ 60 ರೂಪಾಯಿ ಸಾಲ ತಪ್ಪುತ್ತದೆ, ಅಂದರೆ ವರ್ಷಕ್ಕೆ 6 ರೂಪಾಯಿ 60 ಪೈಸೆ ಬಡ್ಡಿ ಉಳಿಯುತ್ತದೆ. ಬದಲಿಗೆ ಆ ಷೇರು ಲಾಭದಲ್ಲಿ ಪಾಲು ತಿನ್ನುತ್ತದೆ. ಆ ಪಾಲು ತೆರಿಗೆಗೆ ಮುಂಚೆ 6.60ಕ್ಕಿಂತ ಜಾಸ್ತಿ ಆದರೆ ಷೇರು ದುಬಾರಿ, ಕಡಿಮೆ ಆದರೆ ಸಾಲ ದುಬಾರಿ. 15 ಲಕ್ಷ ಷೇರಿಗೂ 6.60 ಸಿಗಬೇಕು ಎಂದರೆ 99 ಲಕ್ಷ ಬೇಕು. ಅದಕ್ಕೆ ಹಳೆಯ ಬಡ್ಡಿ 20 ಸೇರಿಸಿ, 119 ಬಂತು. ಷೇರಿನ ಬೆಲೆಯನ್ನು ಬಡ್ಡಿ ದರದಿಂದ ಗುಣಿಸಿದರೆ ಸಾಕು, ಅರ್ಧ ಉತ್ತರ ಕೈಯಲ್ಲಿರುತ್ತದೆ.

ಗೆರೆಯ ಎರಡೂ ಕಡೆ ನಿಂತು ನೋಡಿ

ಅಂದಾಜಿನಂತೆ 160 ಲಕ್ಷ ಬಂದರೆ ಸಾಲದ ದಾರಿಯಲ್ಲಿ ಇಪಿಎಸ್ ಸುಮಾರು 8.03 ರೂಪಾಯಿ, ಷೇರಿನ ದಾರಿಯಲ್ಲಿ 7 ರೂಪಾಯಿ. ಈಗ ಕಂಪನಿಯ ಇಪಿಎಸ್ 6.75. ಷೇರು ಕೊಟ್ಟರೆ ಇಷ್ಟೆಲ್ಲ ಓಡಾಡಿ 25 ಪೈಸೆ ಏರುತ್ತದೆ ಅಷ್ಟೇ. ಸಾಲವೇ ವಾಸಿ ಅನ್ನಿಸುತ್ತದೆ, ಅಲ್ವಾ?

ಒಂದು ದೊಡ್ಡ ಗಿರಾಕಿ ಕೈಬಿಟ್ಟು ಲಾಭ 90 ಲಕ್ಷಕ್ಕೆ ಇಳಿಯಿತು ಎನ್ನಿ. ಸಾಲದಲ್ಲಿ ಇಪಿಎಸ್ 2.78ಕ್ಕೆ ಬೀಳುತ್ತದೆ, ಷೇರಿನಲ್ಲಿ 3.50 ನಿಲ್ಲುತ್ತದೆ. ಸಾಲ ಲಾಭವನ್ನೂ ಹಿಗ್ಗಿಸುತ್ತದೆ, ಪೆಟ್ಟನ್ನೂ ಹಿಗ್ಗಿಸುತ್ತದೆ. ಹಾಗಾಗಿ 160 ಎಂಬ ಅಂದಾಜು 119ಕ್ಕಿಂತ ಮೇಲಿದೆ ಎಂದಷ್ಟೇ ನೋಡಿದರೆ ಸಾಲದು. ಅಂದಾಜು ಕಾಲು ಭಾಗ ಸುಳ್ಳಾದರೂ ಗೆರೆಯ ಮೇಲೆಯೇ ಇರುತ್ತೇವೆ, ಅದಕ್ಕಿಂತ ಜಾಸ್ತಿ ಸುಳ್ಳಾದರೆ ಕೆಳಗೆ. ಕಳೆದ ಕೆಲವು ವರ್ಷದ ಲೆಕ್ಕಪತ್ರ ತೆಗೆದು ಲಾಭ ವರ್ಷದಿಂದ ವರ್ಷಕ್ಕೆ ಎಷ್ಟು ಏರಿಳಿದಿದೆ ನೋಡಿ. ಕಾಲು ಭಾಗ ಬೀಳುವುದು ಮಾಮೂಲಿ ಎನ್ನುವ ವ್ಯಾಪಾರವಾದರೆ ಆ ಅಂತರ ಏನೂ ಅಲ್ಲ.

ಇನ್ನೊಂದು ಮಾತು. ಯಂತ್ರ ಬಂದ ಮೊದಲ ವರ್ಷವೇ 160 ಬರುವುದಿಲ್ಲ. ಲಾಭ 110ರಲ್ಲೇ ನಿಂತು 33 ಲಕ್ಷ ಬಡ್ಡಿಯೂ ಪೂರ್ತಿ ಖರ್ಚಿಗೆ ಬಿದ್ದರೆ, ಆ ವರ್ಷ ಸಾಲದ ದಾರಿಯಲ್ಲಿ ಇಪಿಎಸ್ 4.28, ಷೇರಿನಲ್ಲಿ 4.50. ಇದನ್ನು ನೋಡಿ ಗಾಬರಿಯಾಗುವ ಅಗತ್ಯವಿಲ್ಲ, ಆದರೆ ಮೊದಲೇ ಗೊತ್ತಿರಬೇಕು.

ಷೇರಿನ ಬೆಲೆ ಬದಲಾಯಿಸಿ ಮತ್ತೆ ಲೆಕ್ಕ ಹಾಕಿ

ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ನನ್ನ ಪ್ರಕಾರ ಇದೇ ಮುಖ್ಯ. ಹೂಡಿಕೆದಾರರು ಚೌಕಾಸಿಯಲ್ಲಿ 60ರ ಬದಲು 100 ರೂಪಾಯಿಗೆ ಒಪ್ಪಿದರು ಎನ್ನಿ. ಆಗ ಕೊಡಬೇಕಾದದ್ದು 3 ಲಕ್ಷ ಷೇರು ಮಾತ್ರ. 100ರ 11% ಅಂದರೆ 11 ರೂಪಾಯಿ. 13 ಲಕ್ಷ ಷೇರಿಗೆ 143 ಲಕ್ಷ, ಹಳೆಯ ಬಡ್ಡಿ ಸೇರಿ 163 ಲಕ್ಷ. ಗೆರೆ ನಮ್ಮ ಅಂದಾಜನ್ನೇ ದಾಟಿ ಮೇಲೆ ಹೋಯಿತು! 160 ಲಕ್ಷಕ್ಕೂ ಈಗ ಷೇರಿನ ದಾರಿಯೇ ಒಂದಿಷ್ಟು ಪೈಸೆ ಮುಂದೆ. ಬ್ಯಾಂಕಿನಲ್ಲಿ ಬಡ್ಡಿ ಅರ್ಧ ಪರ್ಸೆಂಟ್ ಇಳಿಸಲು ಒದ್ದಾಡುವುದಕ್ಕಿಂತ ಷೇರಿನ ಬೆಲೆಯ ಮಾತುಕತೆ ಉತ್ತರವನ್ನು ಎಷ್ಟೋ ಜಾಸ್ತಿ ತಿರುಗಿಸುತ್ತದೆ.

ಇಪಿಎಸ್‌ಗೆ ಕಾಣದ್ದನ್ನು ಪಕ್ಕದಲ್ಲಿ ಬರೆಯಿರಿ

ಇಪಿಎಸ್‌ಗೆ ಬಡ್ಡಿ ಕಾಣುತ್ತದೆ, ಅಸಲು ಕಾಣುವುದಿಲ್ಲ. 3 ಕೋಟಿಯನ್ನು 6 ವರ್ಷದಲ್ಲಿ ತೀರಿಸಬೇಕು ಎಂದರೆ ವರ್ಷಕ್ಕೆ 50 ಲಕ್ಷ ಅಸಲು. 53 ಲಕ್ಷ ಬಡ್ಡಿ ಸೇರಿ ಶುರುವಿನಲ್ಲಿ 103 ಲಕ್ಷ ಕಟ್ಟಬೇಕು. ಸವಕಳಿ 40 ಲಕ್ಷ ಎಂದಿಟ್ಟುಕೊಂಡು, ತೆರಿಗೆ ನಂತರದ ಲಾಭ, ಸವಕಳಿ, ಬಡ್ಡಿ ಮೂರನ್ನೂ ಕೂಡಿಸಿ 103ರಿಂದ ಭಾಗಿಸಿ. ಬ್ಯಾಂಕಿನವರು ಡಿಎಸ್‌ಸಿಆರ್ ಎನ್ನುವುದು ಸುಮಾರು ಇದನ್ನೇ. ಲಾಭ 160 ಇದ್ದಾಗ 1.68, ಆರಾಮ. 90ಕ್ಕೆ ಇಳಿದರೆ 1.17, ಒಂದು ಬಿಲ್ ತಡವಾದರೂ ಕಂತು ತಪ್ಪುವ ಸ್ಥಿತಿ.

ಷೇರಿನ ಕಡೆ ಕಾಣದ್ದು ಹಿಡಿತ. 60 ರೂಪಾಯಿಗೆ 5 ಲಕ್ಷ ಷೇರು ಹೊರಗೆ ಹೋದರೆ ಮನೆಯವರ ಪಾಲು 66.7% ಆಗುತ್ತದೆ. ಕಂಪನಿ ಕಾನೂನಿನಂತೆ ವಿಶೇಷ ನಿರ್ಣಯಕ್ಕೆ ಬಿದ್ದ ಮತಗಳಲ್ಲಿ ಮುಕ್ಕಾಲು ಭಾಗ ಬೇಕು. ಕಂಪನಿಯ ನಿಯಮಾವಳಿ ಬದಲಿಸುವಂಥ ಕೆಲಸಕ್ಕೆ ಹೊಸಬರು ಬೇಡ ಎಂದರೆ ಮುಗಿಯಿತು.

ಅರ್ಧ ಸಾಲ, ಅರ್ಧ ಷೇರು ಮಾಡಿದರೆ? ಗೆರೆ 119ರಲ್ಲೇ ಇರುತ್ತದೆ, ಏಕೆಂದರೆ ಷೇರಿನ ಬೆಲೆ, ಬಡ್ಡಿ ದರ ಎರಡೂ ಬದಲಾಗಿಲ್ಲ. ಏರಿಳಿತ ಮಾತ್ರ ಕಡಿಮೆ: 160ಕ್ಕೆ ಇಪಿಎಸ್ 7.41, 90ಕ್ಕೆ 3.21. ವರ್ಷದ ಅಸಲು 25 ಲಕ್ಷಕ್ಕೆ ಇಳಿಯುತ್ತದೆ. ಲಾಭ 90 ಇದ್ದರೂ ಡಿಎಸ್‌ಸಿಆರ್ 1.9ರ ಹತ್ತಿರ ನಿಲ್ಲುತ್ತದೆ. ಹೊರಗೆ ಹೋಗುವುದು 2.5 ಲಕ್ಷ ಷೇರು, ಮನೆಯವರ ಕೈಯಲ್ಲಿ 80% ಉಳಿಯುತ್ತದೆ. ಈ ಕಂಪನಿಯ ಅಂಕಿಗಳಿಗೆ ನಾನಾದರೆ ಇದನ್ನೇ ಆರಿಸುತ್ತಿದ್ದೆ. 160ರ ವರ್ಷದಲ್ಲಿ ಷೇರಿಗೆ 62 ಪೈಸೆ ಬಿಟ್ಟುಕೊಟ್ಟ ಹಾಗಾಗುತ್ತದೆ, ನಿಜ.