ಕಾಫಿ ಬಿಡದೆ ಎದೆಯುರಿ ಇಳಿಸುವುದು ಹೇಗೆ?

ಡೊಂಬಿವಲಿಯಲ್ಲಿರುವ ನಮ್ಮ ಭಾವ ಬೆಳಿಗ್ಗೆ 5.30ಕ್ಕೆ ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿ ಕುಡಿದು ಲೋಕಲ್ ಹಿಡಿಯಲು ಓಡುತ್ತಾರೆ. ರಾತ್ರಿ 10ಕ್ಕೆ ಊಟ, ಅದರ ಬೆನ್ನಿಗೇ ಇನ್ನೊಂದು ಲೋಟ, 11ಕ್ಕೆ ಹಾಸಿಗೆ. ನಡುರಾತ್ರಿ ಎದೆ ಉರಿ, ಗಂಟಲಿಗೆ ಹುಳಿ ನೀರು. ಅವರು ಬೈಯುವುದು ಬೆಳಗಿನ ಲೋಟವನ್ನು. ನನಗೆ ಅನುಮಾನ ಇದ್ದದ್ದು ರಾತ್ರಿಯದರ ಮೇಲೆ.

ಕಾಫಿಯೇ ಹುಳಿ, ಅದಕ್ಕೇ ಉರಿ ಅನ್ನುವವರು ಜಾಸ್ತಿ. ಆದರೆ ಕಾಫಿಯ ಪಿಎಚ್ 5ರ ಸುಮಾರಿನಲ್ಲಿದ್ದರೆ, ಹೊಟ್ಟೆಯ ಆಮ್ಲದ್ದು 2ರ ಆಸುಪಾಸು. ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ. ಹೊಟ್ಟೆಯ ಆಮ್ಲದ ಮುಂದೆ ಕಾಫಿಯ ಹುಳಿ ಏನೂ ಅಲ್ಲ. ಕಾಫಿ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುತ್ತದೆ. ಕೆಲವರಲ್ಲಿ ಅನ್ನನಾಳದ ಕೆಳತುದಿಯನ್ನು ಬಿಗಿಯಾಗಿ ಮುಚ್ಚಿಡುವ ಸ್ನಾಯುವನ್ನೂ ಸಡಿಲ ಮಾಡುತ್ತದೆ. ಮಲಗಿದಾಗ ಆಮ್ಲ ಸಲೀಸಾಗಿ ಮೇಲೆ ಬರುತ್ತದೆ.

ಹಾಗಾಗಿ ಮೊದಲು ಸಮಯ ಬದಲಿಸಿ. ಒಂದು ವಾರ ರಾತ್ರಿಯ ಲೋಟವನ್ನು ಸಂಜೆ 5ಕ್ಕೆ ತನ್ನಿ. ಕಾಫಿ, ಊಟ ಎರಡೂ ಮಲಗುವುದಕ್ಕೆ ಮೂರು ಗಂಟೆ ಮುಂಚೆ ಮುಗಿಯಬೇಕು. ಟ್ರೇನ್ ತಡವಾಗಿ ಊಟ ತಡವಾದರೆ ಸ್ವಲ್ಪವೇ ಉಣ್ಣಿ, ಎಡ ಮಗ್ಗುಲಿಗೆ ಮಲಗಿ. ಉಳಿದದ್ದನ್ನೆಲ್ಲ ಹಾಗೇ ಬಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗೋದಿಲ್ಲ, ಅಲ್ವಾ? ಭಾವನಿಗೆ ರಾತ್ರಿ ಉರಿ ಇಷ್ಟರಲ್ಲೇ ಬಹುಪಾಲು ನಿಂತಿತು. ಬೆಳಿಗ್ಗೆ ಮಾತ್ರ ಓಡುವಾಗ ಹುಳಿ ತೇಗು ಉಳಿಯಿತು.

ಎರಡನೇ ವಾರ ಡಿಕಾಕ್ಷನ್. ಫಿಲ್ಟರಿಗೆ ಮೂರು ಚಮಚ ಪುಡಿ ಹಾಕುತ್ತಿದ್ದರೆ ಎರಡೇ ಹಾಕಿ, ನೀರು ಅಷ್ಟೇ ಇರಲಿ. ಮಾಟುಂಗಾದಂಥ ಕಡೆ ಕಣ್ಣೆದುರೇ ಬೀಜ ಪುಡಿ ಮಾಡಿಸುವವರು ರೊಬಸ್ಟಾ ಕಡಿಮೆ ಮಾಡಿ ಅರೇಬಿಕಾ ಹೆಚ್ಚು ಕೇಳಿ. ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಆದರೆ ಡಿಕಾಫ್ ಕುಡಿದರೆ ಎಲ್ಲ ಸರಿ ಅಂದುಕೊಳ್ಳಬೇಡಿ. ಕಾಫಿಯ ಬೇರೆ ಅಂಶಗಳೂ ಆಮ್ಲ ಕೆರಳಿಸುತ್ತವೆ.

ಕೊನೆಗೆ ಹಾಲು. ಹಾಲು ಸ್ವಲ್ಪ ಹೊತ್ತು ಆಮ್ಲವನ್ನು ತಣಿಸುತ್ತದೆ ನಿಜ. ಆಮೇಲೆ ಅದರ ಪ್ರೋಟೀನ್, ಕ್ಯಾಲ್ಸಿಯಂ ಮತ್ತೆ ಆಮ್ಲ ಬರಿಸುತ್ತವೆ. ತಬೇಲಾದ ಎಮ್ಮೆ ಹಾಲಿನ ಕೆನೆಯಂತೂ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ಕುಡಿದ ಕೂಡಲೇ ಹಾಯೆನಿಸಿ, ಗಂಟೆ ಕಳೆದ ಮೇಲೆ ಉರಿ ಬಂದರೆ ಹಾಲಿನ ಮೇಲೂ ಕಣ್ಣಿಡಿ. ಕೆನೆ ತೆಗೆದ ಹಾಲು ಹಾಕಿ, ಲೋಟ ಚಿಕ್ಕದು ಮಾಡಿ ನೋಡಿ. ಜತೆಗೆ ಒಂದು ಇಡ್ಲಿ ಇರಲಿ. ಖಾಲಿ ಹೊಟ್ಟೆ ಎಲ್ಲರಿಗೂ ತೊಂದರೆ ಕೊಡುವುದಿಲ್ಲ, ಆದರೆ ಭಾವನ ಬೆಳಗಿನ ತೇಗು ಇಳಿದದ್ದು ಇಡ್ಲಿಯಿಂದಲೇ.

ಮೂರು ವಾರವಾದರೂ ವ್ಯತ್ಯಾಸ ಕಾಣದಿದ್ದರೆ ಕಾಫಿಯನ್ನು ಸುಮ್ನೆ ದೂರಬೇಡಿ, ಡಾಕ್ಟರಿಗೆ ತೋರಿಸಿ. ನುಂಗಲು ಕಷ್ಟವಾಗುವುದು, ಮಲ ಕಪ್ಪಾಗುವುದು, ತೂಕ ಇಳಿಯುವುದು ಕಂಡರೆ ಮೂರು ವಾರವೂ ಕಾಯಬೇಡಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಬೆವರಿದರೆ, ಅದನ್ನು ಆ್ಯಸಿಡಿಟಿ ಅಂದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಿ.